ಹೊರಗೆ ಹೋಗುವಾಗ ಗೇಟು ತೆರೆಯಲಿಲ್ಲ, ಕಾರ್ಡಿನಿಂದ ದುಡ್ಡು ಮಾತ್ರ ಹೋಯಿತು

ಸಂಜೆಪಾಳಿ

ಎಲ್ಲರಿಗೂ ನಮಸ್ಕಾರ. ಯಾವ ಊರಿನ ಮೆಟ್ರೊ, ಯಾವ ಸ್ಟೇಷನ್ ಅಂತ ಬರೆಯುತ್ತಿಲ್ಲ. ಯಾರನ್ನೂ ದೂರುವುದು ನನ್ನ ಉದ್ದೇಶ ಅಲ್ಲ. ಏನಾಯಿತು ಅಂತ ಅರ್ಥವಾದರೆ ಸಾಕು.

ಮೊನ್ನೆ ಕೆಲಸ ಮುಗಿಸಿಕೊಂಡು ಬರುತ್ತಿದ್ದೆ. ಸಂಜೆಯ ನೂಕುನುಗ್ಗಲು. ರೈಲಿನಿಂದ ಇಳಿದು ಗೇಟಿನಲ್ಲಿ ಕಾರ್ಡ್ ತೋರಿಸಿದೆ. ಬೀಪ್ ಸದ್ದು ಬಂತೋ ಇಲ್ಲವೋ, ಆ ಗದ್ದಲದಲ್ಲಿ ಕೇಳಿಸಲಿಲ್ಲ. ಬಾಗಿಲಂತೂ ತೆರೆಯಲಿಲ್ಲ. ಹಿಂದೆ ನಿಂತವರು "ಪಕ್ಕದ್ದರಲ್ಲಿ ಹೋಗಿ ಮೇಡಂ, ಬೇಗ" ಅಂದರು. ಪಕ್ಕದ ಗೇಟಿಗೆ ಹೋಗಿ ಕಾರ್ಡ್ ಇಟ್ಟರೆ ಕೆಂಪು ದೀಪ, ಕೌಂಟರಿಗೆ ಹೋಗಿ ಅನ್ನುವ ಸೂಚನೆ.

ಕೌಂಟರಿನವರು ಕಾರ್ಡನ್ನು ಯಂತ್ರದ ಮೇಲೆ ಇಟ್ಟು ನೋಡಿ, "ನೀವು ಆಗಲೇ ಹೊರಗೆ ಹೋಗಿದ್ದೀರಲ್ಲ" ಅಂದರು. ನಾನು ಅವರ ಎದುರಿಗೇ ನಿಂತಿದ್ದೇನೆ, ಇನ್ನೂ ಒಳಗಡೆಯೇ! ಪ್ರಯಾಣದ ದುಡ್ಡೂ ಕಡಿತವಾಗಿತ್ತು. ಕೊನೆಗೆ ಹೊರಗೆ ಬಿಡಲು ಒಂದು ಟೋಕನ್ನಿನ ದುಡ್ಡು ಕಟ್ಟಿಸಿಕೊಂಡು, ಟೋಕನ್ ಕೊಟ್ಟು ಕಳಿಸಿದರು. ಅವರು ಒರಟಾಗಿ ಮಾತಾಡಲಿಲ್ಲ. ಆದರೆ ಒಂದೇ ಪ್ರಯಾಣಕ್ಕೆ ಎರಡು ಸಲ ದುಡ್ಡು ಕೊಟ್ಟ ಹಾಗಾಯಿತು ಅಲ್ವಾ?

ಬಾಗಿಲು ತೆರೆಯದೆ ದುಡ್ಡು ಹೋಗುವುದು ಹೇಗೆ? ಆ ಹೊತ್ತಿನಲ್ಲಿ ನಾನು ಏನು ಮಾಡಬೇಕಿತ್ತು? ಗೊತ್ತಿದ್ದವರು ಹೇಳಿ.

ರಾಘು ಹನುಮಂತನಗರ

ಇದು ಬ್ಯಾಲೆನ್ಸ್ ಸಮಸ್ಯೆ ಮೇಡಂ. ಬೆಂಗಳೂರಿನಲ್ಲಿ 2025ರ ಫೆಬ್ರವರಿಯಲ್ಲಿ ದರ ಏರಿಸಿದಾಗ, ಕಾರ್ಡಿನಲ್ಲಿ ಕನಿಷ್ಠ 90 ರೂಪಾಯಿ ಇರಲೇಬೇಕು ಅಂತ ಮಾಡಿದರು. ಮೊದಲು 50 ಇತ್ತು. ನಿಮ್ಮೂರಲ್ಲೂ ಅಂಥದ್ದೇ ಏನೋ ಇರುತ್ತದೆ. 90ಕ್ಕಿಂತ ಕಡಿಮೆ ಆದ ತಕ್ಷಣ ಗೇಟು ತೆರೆಯುವುದಿಲ್ಲ. ನನ್ನ ತಮ್ಮನಿಗೂ ಹೀಗೇ ಆಗಿತ್ತು. ರೀಚಾರ್ಜ್ ಮಾಡಿಸಿ, ಸರಿಹೋಗುತ್ತದೆ.

ಸಂಜೆಪಾಳಿ

ರಾಘು ಅವರೇ, ಬ್ಯಾಲೆನ್ಸ್ ಬೇಕಾದಷ್ಟಿತ್ತು. ಪ್ರಯಾಣದ ದುಡ್ಡು ಹೋದ ಮೇಲೂ ನೂರರ ಮೇಲೆ ಉಳಿದಿದೆ. ಅದೂ ಅಲ್ಲದೆ ಒಳಗೆ ಬರುವಾಗ ಏನೂ ತೊಂದರೆ ಆಗಲಿಲ್ಲ. ಸಿಕ್ಕಿಹಾಕಿಕೊಂಡದ್ದು ಹೊರಗೆ ಹೋಗುವಾಗ.

ವೆಂಕಟೇಶ ಮಾವ

ಅಮ್ಮಾ, ಕಾರ್ಡನ್ನು ಮೊಬೈಲಿನ ಹಿಂದೆ ಕವರಿನಲ್ಲಿ ಇಟ್ಟುಕೊಳ್ಳುತ್ತೀರಾ? ಹಾಗೆ ಇಡಬಾರದು. ಮೊಬೈಲ್ ಕವರಿನ ಅಯಸ್ಕಾಂತಕ್ಕೆ ಕಾರ್ಡಿನಲ್ಲಿ ಇರುವುದೆಲ್ಲ ಅಳಿಸಿಹೋಗುತ್ತದೆ. ಹಳೇ ಎಟಿಎಂ ಕಾರ್ಡುಗಳು ಹೀಗೇ ಹಾಳಾಗುತ್ತಿದ್ದವು. ನಾನು ಬ್ಯಾಂಕಿನಲ್ಲಿ ಇದ್ದಾಗ ವಾರಕ್ಕೊಬ್ಬರಾದರೂ ಬರುತ್ತಿದ್ದರು.

ಗೇಟಿನ ಹಿಂದೆ

ಈ ಗೇಟುಗಳ ರಿಪೇರಿ, ನಿರ್ವಹಣೆಯಲ್ಲಿ ಕೆಲವು ವರ್ಷ ಕೆಲಸ ಮಾಡಿದ್ದೇನೆ. ಈಗ ಬೇರೆ ಕೆಲಸ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಮಾವನವರ ಮಾತು. ನೀವು ಹೇಳಿದ್ದು ಹಿಂದೆ ಕಪ್ಪು ಪಟ್ಟಿ ಇರುವ ಕಾರ್ಡಿಗೆ ನೂರಕ್ಕೆ ನೂರು ನಿಜ ಸರ್. ಮೆಟ್ರೊ ಕಾರ್ಡಿನಲ್ಲಿ ಇರುವುದು ಚಿಪ್ಪು, ಅದರ ಸುತ್ತ ತೆಳು ತಂತಿಯ ಸುರುಳಿ. ಅಯಸ್ಕಾಂತಕ್ಕೆ ಅದು ಅಳಿಸಿಹೋಗುವುದಿಲ್ಲ. ಕಾರ್ಡ್ ಬಾಗಿಸಿದರೆ, ಹಿಂದಿನ ಜೇಬಿನಲ್ಲಿಟ್ಟುಕೊಂಡು ಕೂತರೆ ಆ ತಂತಿ ಒಳಗೇ ತುಂಡಾಗುತ್ತದೆ. ಆಗ ಯಾವ ಗೇಟೂ ಕಾರ್ಡನ್ನು ಗುರುತೇ ಹಿಡಿಯುವುದಿಲ್ಲ. ಇವರದ್ದು ಹಾಗಲ್ಲ. ಎರಡನೇ ಗೇಟು ಕಾರ್ಡ್ ಓದಿ, ಆಮೇಲೆ ಬೇಡ ಅಂದಿದೆ. ಕಾರ್ಡ್ ಚೆನ್ನಾಗಿದೆ.

ಇನ್ನು ರಾಘು ಹೇಳಿದ 90 ರೂಪಾಯಿ. ಆ ನಿಯಮ ಇರುವುದು ನಿಜ, ಆದರೆ ಅದನ್ನು ನೋಡುವುದು ಒಳಗೆ ಬರುವ ಗೇಟಿನಲ್ಲಿ. ಬೆಂಗಳೂರಿನಲ್ಲಿ ಆ ದರಪಟ್ಟಿಯ ಅತಿ ದೂರದ ಪ್ರಯಾಣಕ್ಕೆ 90 ರೂಪಾಯಿ. ಒಳಗೆ ಬರುವಾಗಲೇ ಅಷ್ಟು ಇದೆ ಅಂತ ನೋಡಿಕೊಂಡರೆ, ನೀವು ಎಲ್ಲಿ ಇಳಿದರೂ ಹೊರಗೆ ಹೋಗಲು ದುಡ್ಡು ಸಾಲದೆ ಬರುವುದಿಲ್ಲ. ಒಂದು ಲೆಕ್ಕ ಹೇಳುತ್ತೇನೆ. ಕಾರ್ಡಿನಲ್ಲಿ 104 ಇದೆ, 60 ರೂಪಾಯಿ ದರದ ಕಡೆ ಹೋಗುತ್ತೀರಿ. ಕಾರ್ಡಿನವರಿಗೆ ನೂರಕ್ಕೆ 5 ರಿಯಾಯಿತಿ, ಹಾಗಾಗಿ ಹೊರಗೆ ಹೋಗುವಾಗ 57 ಕಡಿತವಾಗುತ್ತದೆ, 47 ಉಳಿಯುತ್ತದೆ. ಗೇಟು ತೆರೆಯುತ್ತದೆ. ಮರುದಿನ ಬೆಳಿಗ್ಗೆ ಒಳಗೆ ಬರಲು ಹೋದಾಗ ಅದೇ 47 ನೋಡಿ ಬಾಗಿಲು ಮುಚ್ಚಿಕೊಂಡೇ ಇರುತ್ತದೆ. ರಾಘು ತಮ್ಮನಿಗೆ ಆಗಿದ್ದು ಇದೇ ಇರಬೇಕು.

ಹಾಗಾದರೆ ಹೊರಗೆ ಹೋಗುವಾಗ ಸಿಕ್ಕಿಕೊಳ್ಳಲು ಕಾರಣ ಬಹಳ ಸಲ ಬ್ಯಾಲೆನ್ಸ್ ಅಲ್ಲ. ಕಾರ್ಡಿನಲ್ಲಿ ಬರೆದಿರುವ ವಿಷಯಕ್ಕೂ ನೀವು ನಿಂತಿರುವ ಜಾಗಕ್ಕೂ ತಾಳೆ ಆಗದಿರುವುದು.

ತುಂಬಾ ಜನ ದುಡ್ಡು ಎಲ್ಲೋ ಸರ್ವರಿನಲ್ಲಿದೆ, ಗೇಟು ಅಲ್ಲಿ ಕೇಳಿ ಬಾಗಿಲು ತೆರೆಯುತ್ತದೆ ಅಂದುಕೊಳ್ಳುತ್ತಾರೆ. ಈ ಕಾರ್ಡುಗಳಲ್ಲಿ ಹಾಗಿಲ್ಲ. ಬ್ಯಾಲೆನ್ಸ್ ಇರುವುದು ಕಾರ್ಡಿನ ಚಿಪ್ಪಿನಲ್ಲೇ. ಯಾವ ಸ್ಟೇಷನ್ನಿನಲ್ಲಿ, ಎಷ್ಟು ಹೊತ್ತಿಗೆ ಒಳಗೆ ಬಂದಿರಿ, ಈಗ ಒಳಗಿದ್ದೀರೋ ಹೊರಗಿದ್ದೀರೋ ಅನ್ನುವುದೂ ಅಲ್ಲೇ. ಗೇಟು ಕಾರ್ಡನ್ನು ಓದುತ್ತದೆ, ತನ್ನಲ್ಲೇ ಇರುವ ದರಪಟ್ಟಿ ನೋಡಿ ಲೆಕ್ಕ ಹಾಕುತ್ತದೆ, ಹೊಸ ಬ್ಯಾಲೆನ್ಸನ್ನೂ "ಹೊರಗೆ ಹೋದರು" ಅನ್ನುವುದನ್ನೂ ಕಾರ್ಡಿಗೆ ಬರೆಯುತ್ತದೆ. "ಬರೆದುಕೊಂಡೆ" ಅಂತ ಕಾರ್ಡ್ ಉತ್ತರ ಕೊಟ್ಟ ಮೇಲೆ ಬಾಗಿಲು ತೆರೆಯುತ್ತದೆ. ಇಷ್ಟೂ ಅರ್ಧ ಸೆಕೆಂಡಿನೊಳಗೆ. ಸರ್ವರಿಗೆ ಸುದ್ದಿ ಹೋಗುವುದು ಆಮೇಲೆ.

ಕಾರ್ಡಿಗೆ ಬ್ಯಾಟರಿ ಇಲ್ಲ. ಗೇಟಿನಿಂದ ಬರುವ ಅಲೆಯಿಂದಲೇ ಅದಕ್ಕೆ ವಿದ್ಯುತ್ತು. ನಾಲ್ಕೈದು ಸೆಂಟಿಮೀಟರ್ ದೂರ ಹೋದರೆ ಕಾರ್ಡ್ ಆರಿಹೋಗುತ್ತದೆ. ಹಾಗಾಗಿ ಕೈ ಯಾವ ಗಳಿಗೆಯಲ್ಲಿ ಹಿಂದೆ ಬಂತು ಅನ್ನುವುದರ ಮೇಲೆ ಎಲ್ಲ ನಿಂತಿದೆ. ಬರೆಯುವ ಮೊದಲೇ ಕೈ ತೆಗೆದರೆ ಏನೂ ಆಗಿರುವುದಿಲ್ಲ, ಹಳೇ ಬ್ಯಾಲೆನ್ಸ್ ಹಾಗೇ ಇರುತ್ತದೆ. ಬರೆಯುವ ಮಧ್ಯೆ ತೆಗೆದರೂ ಅರ್ಧಂಬರ್ಧ ಆಗುವುದಿಲ್ಲ. ಒಂದೋ ಪೂರ್ತಿ ಹಳೆಯದು, ಇಲ್ಲಾ ಪೂರ್ತಿ ಹೊಸದು ಉಳಿಯುವ ಹಾಗೆ ಚಿಪ್ಪನ್ನು ಮಾಡಿದ್ದಾರೆ. ಕಷ್ಟ ಇರುವುದು ಕೊನೆಯ ಹೆಜ್ಜೆಯಲ್ಲಿ. ಕಾರ್ಡ್ ಬರೆದುಕೊಂಡಿದೆ, ಆದರೆ ಉತ್ತರ ಗೇಟಿಗೆ ಮುಟ್ಟುವ ಮೊದಲೇ ಕೈ ಹಿಂದೆ ಬಂತು. ಕಾರ್ಡಿನ ಪ್ರಕಾರ ನೀವು ಹೊರಗಿದ್ದೀರಿ, ದುಡ್ಡು ಕೊಟ್ಟಿದ್ದೀರಿ. ಗೇಟಿನ ಪ್ರಕಾರ ಏನೂ ಮುಗಿದಿಲ್ಲ, ಅದಕ್ಕೇ ಬಾಗಿಲು ತೆರೆದಿಲ್ಲ.

ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಇಲ್ಲಿದೆ. ಹೀಗಾದಾಗ ಅದೇ ಗೇಟಿನಲ್ಲಿ ಮತ್ತೆ ಕಾರ್ಡ್ ಇಡಬೇಕು. "ಈ ಕಾರ್ಡಿನ ಕೆಲಸ ಅರ್ಧಕ್ಕೆ ನಿಂತಿದೆ" ಅಂತ ಆ ಗೇಟು ಸ್ವಲ್ಪ ಹೊತ್ತು ನೆನಪಿಟ್ಟುಕೊಂಡಿರುತ್ತದೆ. ಅದೇ ಕಾರ್ಡ್ ಮತ್ತೆ ಬಂದರೆ ಚಿಪ್ಪಿನಲ್ಲಿ ಬರೆದಾಗಿದೆ ಅಂತ ನೋಡಿ, ಇನ್ನೊಂದು ಸಲ ದುಡ್ಡು ಕಡಿಯದೆ ಬಾಗಿಲು ತೆರೆಯುತ್ತದೆ. ಪಕ್ಕದ ಗೇಟಿಗೆ ಈ ಕಥೆ ಏನೂ ಗೊತ್ತಿರುವುದಿಲ್ಲ. ಅದು ಕಾಣುವುದು ಆಗಲೇ ಹೊರಗೆ ಹೋದವರ ಕಾರ್ಡು ಹೊರಗೆ ಹೋಗಲು ಮತ್ತೆ ಬಂದಿದೆ ಅಂತ. ಕೆಂಪು ದೀಪ ಹತ್ತುತ್ತದೆ. ಹಿಂದಿನವರ ಅವಸರಕ್ಕೆ ನೀವು ಪಕ್ಕಕ್ಕೆ ಹೋದಿರಿ, ಯಾರಾದರೂ ಹೋಗುತ್ತಿದ್ದರು.

ಎಲ್ಲ ಕಂಪನಿಯ ಗೇಟುಗಳೂ ಇದನ್ನು ಒಂದೇ ಥರ ಮಾಡುವುದಿಲ್ಲ. ನೆನಪಿಡುವ ಹೊತ್ತು ಎಷ್ಟು ಅನ್ನುವುದು ಅದರ ಸಾಫ್ಟ್‌ವೇರಿನ ಮೇಲೆ. ಮಧ್ಯೆ ಇನ್ನೊಬ್ಬರು ಕಾರ್ಡ್ ಇಟ್ಟರೆ ಕೆಲವು ಗೇಟು ಮರೆತೂ ಬಿಡುತ್ತವೆ. ಅದಕ್ಕೇ ಜಾಗ ಬಿಡಬೇಡಿ ಅನ್ನುವುದು.

ಸಂಜೆಪಾಳಿ

ತುಂಬಾ ಥ್ಯಾಂಕ್ಸ್ ಸರ್. ಈಗ ಸ್ಪಷ್ಟವಾಯಿತು. ಆದರೆ ನನಗೆ ಆಗಿದ್ದು ಇದೇ ಅಂತ ಖಚಿತವಾಗಿ ಹೇಳಬಹುದಾ? ಕೈ ಅಷ್ಟು ಬೇಗ ತೆಗೆದೆ ಅಂತ ನನಗೆ ಅನ್ನಿಸುತ್ತಿಲ್ಲ.

ಗೇಟಿನ ಹಿಂದೆ

ಖಚಿತ ಅಲ್ಲ. ಇನ್ನೊಂದು ಸಾಧ್ಯತೆ ಇದೆ, ಗದ್ದಲದ ಹೊತ್ತಿನಲ್ಲಿ ಅದೇ ಜಾಸ್ತಿ. ಬಾಗಿಲು ನಿಮಗಾಗಿ ತೆರೆದಿರುತ್ತದೆ, ಆದರೆ ಮುಂದೆ ನಿಂತಿದ್ದವರು ಹೊರಟುಬಿಡುತ್ತಾರೆ. ಅವರ ಕಾರ್ಡನ್ನು ಗೇಟು ಓದಿರುವುದಿಲ್ಲ, ಬಾಗಿಲು ತೆರೆದದ್ದು ನೋಡಿ ತಮ್ಮದೇ ಅಂದುಕೊಂಡು ನಡೆಯುತ್ತಾರೆ. ಗೇಟಿನ ಪಕ್ಕದ ಗೋಡೆಗಳಲ್ಲಿ ಸಾಲಾಗಿ ಸಣ್ಣ ಕಣ್ಣುಗಳಿವೆ, ಗಮನಿಸಿ ನೋಡಿ. ಒಬ್ಬರು ದಾಟಿದರು ಅಂತ ಅವು ಲೆಕ್ಕ ಹಾಕಿದ ತಕ್ಷಣ ಬಾಗಿಲು ಮುಚ್ಚುತ್ತದೆ. ನಿಮ್ಮ ಕಣ್ಣಿಗೆ ಬಾಗಿಲು ತೆರೆಯಲೇ ಇಲ್ಲ ಅನ್ನಿಸುತ್ತದೆ.

ಎರಡರಲ್ಲೂ ಕಾರ್ಡಿನಲ್ಲಿ ಉಳಿಯುವುದು ಒಂದೇ ಬರಹ: ಹೊರಗೆ ಹೋದರು, ದುಡ್ಡು ಕಡಿತ. ಕಾರ್ಡ್ ನೋಡಿ ಬೇರೆ ಮಾಡಿ ಹೇಳಲಾಗುವುದಿಲ್ಲ. ಆದರೆ ಆನ್‌ಲೈನ್ ಲೆಕ್ಕ ನೋಡಿ ಹೇಳಬಹುದು. ಎರಡು ದಿನ ಬಿಟ್ಟು ನಿಮ್ಮ ಕಾರ್ಡಿನ ಪ್ರಯಾಣದ ಪಟ್ಟಿ ತೆಗೆಯಿರಿ. ಗೇಟುಗಳು ಲೆಕ್ಕವನ್ನು ಕಟ್ಟುಕಟ್ಟಾಗಿ ಕಳಿಸುವುದರಿಂದ ತಕ್ಷಣ ನೋಡಿದರೆ ಉಪಯೋಗ ಇಲ್ಲ. ಆ ಸಂಜೆಯ "ನಿರ್ಗಮನ" ಪಟ್ಟಿಯಲ್ಲಿ ಇದ್ದರೆ, ಗೇಟಿಗೆ ಉತ್ತರ ಮುಟ್ಟಿತ್ತು ಅಂತ ಅರ್ಥ. ಅಂದರೆ ಬಾಗಿಲು ತೆರೆದಿತ್ತು, ಬೇರೆಯವರು ದಾಟಿದರು ಅಥವಾ ದಾಟುವಷ್ಟರಲ್ಲಿ ಸಮಯ ಮೀರಿ ಮುಚ್ಚಿತು. ಪಟ್ಟಿಯಲ್ಲಿ ಒಳಗೆ ಬಂದದ್ದು ಮಾತ್ರ ಇದ್ದು ಹೊರಗೆ ಹೋದದ್ದು ಇಲ್ಲದಿದ್ದರೆ, ಆದರೂ ಕಾರ್ಡಿನ ಬ್ಯಾಲೆನ್ಸ್ ಕಡಿಮೆ ಆಗಿದ್ದರೆ, ಉತ್ತರ ದಾರಿಯಲ್ಲೇ ಕಳೆದುಹೋಗಿದೆ.

ಪುಟ್ಟೀ ಅಮ್ಮ

ನನ್ನದೂ ಒಂದು ಸಮಸ್ಯೆ ಇದೆ, ಇಲ್ಲೇ ಕೇಳಿಬಿಡುತ್ತೇನೆ. ನಮ್ಮ ಅತ್ತೆಗೆ ಈ ತೊಂದರೆ ಆಗಾಗ ಬರುತ್ತದೆ. ಒಂದು ದಿನ ಹೊರಗೆ ಹೋಗಲು ಬಿಡುವುದಿಲ್ಲ. ಇನ್ನೊಂದು ದಿನ ಒಳಗೇ ಬಿಡುವುದಿಲ್ಲ. ಕೌಂಟರಿನವರು ಏನೋ ಒತ್ತಿ ಸರಿ ಮಾಡಿಕೊಡುತ್ತಾರೆ, ಮತ್ತೆ ವಾರದೊಳಗೆ ಅದೇ ಹಾಡು. ಪಾಪ, ವಯಸ್ಸಾದವರು, ನಿಂತೂ ನಿಂತೂ ಕಾಲು ನೋವು ಅಂತಾರೆ. ನಿಧಾನಕ್ಕೇ ಕಾರ್ಡ್ ಇಡುತ್ತಾರೆ, ಬೇಗ ಕೈ ತೆಗೆಯುವವರೇ ಅಲ್ಲ. ಪರ್ಸನ್ನು ಹಾಗೇ ಯಂತ್ರದ ಮೇಲೆ ಒತ್ತಿ ಹಿಡಿಯುತ್ತಾರೆ.

ಗೇಟಿನ ಹಿಂದೆ

ಅಕ್ಕಾ, ಪರ್ಸಿನಲ್ಲಿ ಬೇರೆ ಯಾವ ಕಾರ್ಡುಗಳಿವೆ?

ಪುಟ್ಟೀ ಅಮ್ಮ

ಬ್ಯಾಂಕಿನ ಡೆಬಿಟ್ ಕಾರ್ಡ್ ಇದೆ. ಪಿಂಚಣಿ ಬರುವ ಖಾತೆಯದು, ಹೊಸದಾಗಿ ಕೊಟ್ಟದ್ದು. ರುಪೇ ಅಂತ ಬರೆದಿದೆ.

ಗೇಟಿನ ಹಿಂದೆ

ಸಿಕ್ಕಿತು ನೋಡಿ. ಈಗ ಬರುವ ರುಪೇ ಡೆಬಿಟ್ ಕಾರ್ಡುಗಳಲ್ಲಿ ತುಂಬಾ ಕಾರ್ಡು ಎನ್‌ಸಿಎಂಸಿ ಕಾರ್ಡೂ ಹೌದು. ದೇಶಕ್ಕೆಲ್ಲ ಒಂದೇ ಪ್ರಯಾಣದ ಕಾರ್ಡ್ ಅಂತ 2019ರ ಮಾರ್ಚಿನಲ್ಲಿ ಶುರು ಮಾಡಿದರಲ್ಲ, ಅದು. ಅದನ್ನು ಒಪ್ಪುವ ಗೇಟಿಗೆ ಅತ್ತೆಯವರ ಪರ್ಸಿನಲ್ಲಿ ಎರಡು ಮೆಟ್ರೊ ಕಾರ್ಡ್ ಇದ್ದ ಹಾಗೆ. ಒಳಗೆ ಬರುವಾಗ ಮೆಟ್ರೊ ಕಾರ್ಡನ್ನು ಓದಿತು ಅಂದುಕೊಳ್ಳಿ. ಹೊರಗೆ ಹೋಗುವಾಗ ಪರ್ಸ್ ತಿರುಗಿಸಿ ಹಿಡಿದರು, ಬ್ಯಾಂಕ್ ಕಾರ್ಡ್ ಮೊದಲು ಸಿಕ್ಕಿತು. ಅದರಲ್ಲಿ ಒಳಗೆ ಬಂದ ಗುರುತೇ ಇಲ್ಲ, ಗೇಟು ಬೇಡ ಅಂತು. ಕೌಂಟರಿನಲ್ಲಿ ಏನೋ ಮಾಡಿ ಹೊರಗೆ ಬಿಟ್ಟರು, ಆದರೆ ಮೆಟ್ರೊ ಕಾರ್ಡಿನಲ್ಲಿ ಅವರು ಇನ್ನೂ ಒಳಗೇ ಇದ್ದಾರೆ. ಮುಂದಿನ ಸಲ ಒಳಗೆ ಬರಲು ಅದೇ ಕಾರ್ಡ್ ಇಟ್ಟಾಗ, ಒಳಗಿರುವವರು ಮತ್ತೆ ಒಳಗೆ ಬರುವುದು ಹೇಗೆ ಅಂತ ಗೇಟು ಮುಚ್ಚಿಕೊಳ್ಳುತ್ತದೆ.

ಪತ್ತೆ ಮಾಡುವುದು ಸುಲಭ. ಮೆಟ್ರೊ ಕಾರ್ಡ್ ಒಂದನ್ನೇ ಕೈಯಲ್ಲಿ ಹಿಡಿದು ಒಂದು ವಾರ ಓಡಾಡಲಿ. ತೊಂದರೆ ಪೂರ್ತಿ ನಿಂತರೆ ಪರ್ಸೇ ಕಾರಣ. ಕಾರ್ಡಿಗೆ ಒಂದು ಪ್ಲಾಸ್ಟಿಕ್ ಕವರ್ ಹಾಕಿ ಕೊರಳಿಗೆ ದಾರ ಕಟ್ಟಿಕೊಟ್ಟರೆ ಅವರಿಗೂ ಹುಡುಕುವ ಕಷ್ಟ ಇರುವುದಿಲ್ಲ.

ರಾಘು ಹನುಮಂತನಗರ

ಗುರುಗಳೇ, 90ರ ವಿಷಯ ಒಪ್ಪಿದೆ. ಆದರೂ 20 ರೂಪಾಯಿ ದೂರ ಹೋಗುವವನೂ 90 ಇಟ್ಟಿರಬೇಕು ಅನ್ನುವುದು ಸರಿಯಾ? ದಿನಗೂಲಿ ಮಾಡುವವರಿಗೆ ಆ 90 ಸುಮ್ನೆ ಕಾರ್ಡಿನಲ್ಲಿ ಕೊಳೆಯುತ್ತಿರುತ್ತದೆ.

ಗೇಟಿನ ಹಿಂದೆ

ಇದರಲ್ಲಿ ನಾನೂ ನಿಮ್ಮ ಕಡೆ. ಬೇರೆ ದಾರಿ ಇದೆ. ಹಾಂಕಾಂಗಿನ ಆಕ್ಟೋಪಸ್ ಕಾರ್ಡಿನಲ್ಲಿ ಬ್ಯಾಲೆನ್ಸ್ ಸೊನ್ನೆಗಿಂತ ಕೆಳಗೆ ಹೋಗಲು ಬಿಡುತ್ತಾರೆ, ಒಂದು ಮಿತಿಯವರೆಗೆ. ಕಾರ್ಡ್ ಕೊಳ್ಳುವಾಗ ಕಟ್ಟಿದ ಡಿಪಾಸಿಟ್ಟು ಅದಕ್ಕೆ ಆಧಾರ. ಹೊರಗೆ ಹೋಗುವಾಗ ಸ್ವಲ್ಪ ಕಡಿಮೆ ಬಿದ್ದರೂ ಮನೆಗೆ ಹೋಗಬಹುದು, ಮುಂದಿನ ಸಲ ರೀಚಾರ್ಜ್ ಮಾಡಿದಾಗ ಸಾಲ ತೀರುತ್ತದೆ. ನಮ್ಮಲ್ಲಿ ಡಿಪಾಸಿಟ್ಟು ಅತಿ ದೂರದ ದರಕ್ಕಿಂತ ಕಡಿಮೆ, ಅದನ್ನು ಏರಿಸಿದರೆ ಕಾರ್ಡ್ ಕೊಳ್ಳುವವರೇ ಕಡಿಮೆ ಆಗುತ್ತಾರೆ. ಹಾಗಾಗಿ ಸುಲಭದ ಪ್ರಶ್ನೆ ಅಲ್ಲ.

ಮೈಸೂರ್ ರಸ್ತೆ ಮಂಜು

ನನ್ನದೂ ಇದೇ ಸಮಸ್ಯೆ. ಫೋನಿನಲ್ಲಿ 200 ರೂಪಾಯಿ ಹಾಕಿದೆ. ಬ್ಯಾಂಕಿನಿಂದ ದುಡ್ಡು ಕಟ್ಟಾಗಿದೆ, ಮೆಸೇಜೂ ಬಂದಿದೆ. ಗೇಟಿನಲ್ಲಿ ಇಟ್ಟರೆ ಹಳೇ 35 ರೂಪಾಯಿಯನ್ನೇ ತೋರಿಸುತ್ತಿದೆ. ದುಡ್ಡು ನುಂಗಿಹಾಕಿದರಾ?

ಪುಟ್ಟೀ ಅಮ್ಮ

ಮಂಜು, ಇದು ಬೇರೆ ಸಮಸ್ಯೆ ಅಲ್ವಾ? ಅವರು ಕೇಳಿದ್ದು ಹೊರಗೆ ಹೋಗುವಾಗಿನದು.

ಗೇಟಿನ ಹಿಂದೆ

ಬೇರೆಯೇ, ಆದರೆ ಬೇರು ಒಂದೇ ಅಕ್ಕಾ. ದುಡ್ಡು ಚಿಪ್ಪಿನಲ್ಲಿ ಇರಬೇಕು ಅಂದೆನಲ್ಲ. ಮಂಜು ಫೋನಿನಲ್ಲಿ ದುಡ್ಡು ಹಾಕಿದಾಗ ಕಾರ್ಡ್ ಅವರ ಜೇಬಿನಲ್ಲಿತ್ತು. ಚಿಪ್ಪಿಗೆ ಯಾರು ಬರೆಯಬೇಕು? ಆ 200 ರೂಪಾಯಿ ಈಗ ಸರ್ವರಿನಲ್ಲಿ ಮಂಜು ಹೆಸರಿನಲ್ಲಿ ಕಾಯುತ್ತಿದೆ. ಆ ಸುದ್ದಿ ಸ್ಟೇಷನ್ನಿನ ಯಂತ್ರಗಳಿಗೆ ಇಳಿದುಬರಲು ಸ್ವಲ್ಪ ಹೊತ್ತು ಬೇಕು. ಅದು ಇಳಿದ ಮೇಲೆ ಕಾರ್ಡನ್ನು ರೀಚಾರ್ಜ್ ಯಂತ್ರದ ಮೇಲೆ ಅಥವಾ ಕೌಂಟರಿನಲ್ಲಿ ಇಟ್ಟಾಗ ಚಿಪ್ಪಿಗೆ ಬರೆಯುತ್ತದೆ. ಆಗಲೇ 35 ಹೋಗಿ 235 ಆಗುವುದು.

ಎನ್‌ಸಿಎಂಸಿ ಕಾರ್ಡ್ ಇದ್ದವರು ಇನ್ನೂ ಎಚ್ಚರವಾಗಿರಬೇಕು. ಖಾತೆಯಲ್ಲಿ ಸಾವಿರಾರು ರೂಪಾಯಿ ಇದ್ದರೂ ಗೇಟು ಅದನ್ನು ನೋಡುವುದಿಲ್ಲ. ಚಿಪ್ಪಿನಲ್ಲಿ ಬೇರೆಯೇ ಒಂದು ಸಣ್ಣ ಪರ್ಸು ಇದೆ, 2000 ರೂಪಾಯಿಯವರೆಗೆ ಹಿಡಿಯುತ್ತದೆ. ಗೇಟು ನೋಡುವುದು ಅದನ್ನು ಮಾತ್ರ. ಆ್ಯಪಿನಲ್ಲಿ ಕಾಣುವ ಮೊತ್ತ ನೋಡಿ ಹೊರಡಬೇಡಿ. ಮನೆಯಿಂದ ಹೊರಡುವ ಹೊತ್ತಿಗೆ ರೀಚಾರ್ಜ್ ಮಾಡಿ ಹತ್ತು ನಿಮಿಷದಲ್ಲಿ ಗೇಟಿಗೆ ಬಂದರೆ ಹೀಗಾಗುತ್ತದೆ. ಹಿಂದಿನ ರಾತ್ರಿಯೇ ಮಾಡಿ.

ಮೈಸೂರ್ ರಸ್ತೆ ಮಂಜು

ಮಧ್ಯಾಹ್ನ ಯಂತ್ರದ ಮೇಲೆ ಇಟ್ಟೆ ಸರ್. ಬಂತು! 235.

ತೆಮಸೆಕ್ ಕನ್ನಡಿಗ

ಸಿಂಗಪುರದಿಂದ ಬರೆಯುತ್ತಿದ್ದೇನೆ. ಇಲ್ಲಿ ಇದೇ ವಿಷಯಕ್ಕೆ ದೊಡ್ಡ ಗಲಾಟೆ ಆಯಿತು. ಇಲ್ಲಿ ಎರಡೂ ಥರದ ಕಾರ್ಡುಗಳಿವೆ. ಹಳೆಯದರಲ್ಲಿ ದುಡ್ಡು ಕಾರ್ಡಿನೊಳಗೇ, ನಿಮ್ಮಲ್ಲಿ ಇದ್ದ ಹಾಗೆ. ಹೊಸ ಸಿಂಪ್ಲಿಗೋದಲ್ಲಿ ದುಡ್ಡು ಸರ್ವರಿನ ಖಾತೆಯಲ್ಲಿ. ಅದರಲ್ಲಿ ಫೋನಿನಿಂದ ರೀಚಾರ್ಜ್ ಮಾಡಿದರೆ ಯಾವ ಯಂತ್ರಕ್ಕೂ ಮುಟ್ಟಿಸಬೇಕಿಲ್ಲ. ಮಂಜು ಅವರ ಸಮಸ್ಯೆಯೇ ಬರುವುದಿಲ್ಲ. 2024ರಲ್ಲಿ ಹಳೇ ಕಾರ್ಡುಗಳನ್ನು ನಿಲ್ಲಿಸುತ್ತೇವೆ ಅಂತ ಸರ್ಕಾರ ಹೇಳಿತು. ಜನ ಒಪ್ಪಲಿಲ್ಲ. ಕಾರಣ ಏನು ಗೊತ್ತಾ? ದುಡ್ಡು ಸರ್ವರಿನಲ್ಲಿದ್ದರೆ, ಎಷ್ಟು ಕಡಿತವಾಯಿತು, ಎಷ್ಟು ಉಳಿಯಿತು ಅಂತ ಗೇಟಿನಲ್ಲಿ ತೋರಿಸುವುದಿಲ್ಲ. ವಯಸ್ಸಾದವರಿಗೆ ಅದೇ ಬೇಕಿತ್ತು. ಜನವರಿ ಮುಗಿಯುವ ಮೊದಲೇ ಸರ್ಕಾರ ಆ ನಿರ್ಧಾರ ವಾಪಸ್ ತಗೊಂಡು ಹಳೇ ಕಾರ್ಡನ್ನೂ ಉಳಿಸಿತು.

ಅದಕ್ಕೇ ಸರ್ವರಿಗೆ ಹಾಕಿಬಿಟ್ಟರೆ ಎಲ್ಲ ಸರಿ ಅನ್ನುವವರ ಮಾತು ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಗೇಟಿನ ಮುಂದೆ ನಿಂತವರಿಗೆ ತಮ್ಮ ದುಡ್ಡು ಕಣ್ಣಿಗೆ ಕಾಣಬೇಕು.

ಕೌಂಟರಿನಲ್ಲಿದ್ದೆ

ಮೇಡಂ ಎರಡು ಸಲ ದುಡ್ಡು ಕೊಟ್ಟ ವಿಷಯಕ್ಕೆ ಬರುತ್ತೇನೆ. ಹಿಂದೆ ಟಿಕೆಟ್ ಕೌಂಟರಿನಲ್ಲಿ ಕೂತು ಕೆಲಸ ಮಾಡಿದ್ದೇನೆ, ಆ ಕಡೆಯ ಮಾತೂ ಹೇಳಬೇಕು. ನಮ್ಮ ಪರದೆಯಲ್ಲಿ ಕಾರ್ಡಿನ ಕೊನೆಯ ಕೆಲವು ವ್ಯವಹಾರಗಳು ಕಾಣುತ್ತವೆ. ಕೊನೆಯ ಸಾಲು "ಒಳಗೆ ಬಂದರು" ಅಂತ ಇದ್ದರೆ ನಮಗೆ ಸುಲಭ. ಅಲ್ಲೇ ಹೊರಗೆ ಹೋದ ಹಾಗೆ ಬರೆದು, ಸರಿಯಾದ ದರ ಹಿಡಿದು ಕಳಿಸುತ್ತೇವೆ. "ಹೊರಗೆ ಹೋದರು" ಅಂತ ಇದ್ದರೆ ಕಷ್ಟ. ತಾನು ಹೊರಗೆ ಹೋಗಿ, ಗೇಟಿನ ಮೇಲಿಂದ ಕಾರ್ಡನ್ನು ಒಳಗಿರುವ ಗೆಳೆಯನಿಗೆ ಕೊಡುವವರೂ ಇದ್ದಾರೆ. ಅವನ ಕಾರ್ಡಿನಲ್ಲೂ ಪರದೆ ತೋರಿಸುವುದು ಇದನ್ನೇ. ಸಂಜೆ ಸಾಲು ಉದ್ದ ಇರುತ್ತದೆ. ಯಾರು ನಿಜ ಅಂತ ಎರಡು ನಿಮಿಷದಲ್ಲಿ ಹೇಗೆ ತೀರ್ಮಾನ ಮಾಡುವುದು? ಟೋಕನ್ ಕೊಟ್ಟರೆ ಲೆಕ್ಕ ಸರಿಹೋಗುತ್ತದೆ. ಸುಮ್ನೆ ಪಕ್ಕದ ಬಾಗಿಲು ತೆಗೆದು ಬಿಟ್ಟರೆ ನಾವು ಉತ್ತರ ಹೇಳಬೇಕು.

ಪುಟ್ಟೀ ಅಮ್ಮ

ಅದು ನಿಮ್ಮ ಕಷ್ಟ, ಒಪ್ಪುತ್ತೇನೆ. ಆದರೆ ನಿಜವಾಗಿ ದುಡ್ಡು ಕೊಟ್ಟವರು ಮತ್ತೆ ಯಾಕೆ ಕೊಡಬೇಕು? ಪರದೆಯಲ್ಲಿ ಹೊರಗೆ ಹೋದ ಸಮಯ ಇರುತ್ತದಲ್ಲ. ಒಂದು ನಿಮಿಷದ ಹಿಂದೆ, ಅದೇ ಸ್ಟೇಷನ್ನು ಅಂತ ಕಂಡರೆ ನಂಬಬೇಕು. ಅನುಮಾನ ಇದ್ದರೆ ಕ್ಯಾಮೆರಾ ಇದೆ.

ಕೌಂಟರಿನಲ್ಲಿದ್ದೆ

ಕಾರ್ಡ್ ಕೈ ಬದಲಾಯಿಸುವುದಕ್ಕೂ ಒಂದು ನಿಮಿಷ ಸಾಕು ಮೇಡಂ. ಕ್ಯಾಮೆರಾ ನೋಡುವುದು ಕೌಂಟರಿನವರ ಕೈಯಲ್ಲಿ ಇಲ್ಲ, ಸ್ಟೇಷನ್ ಕಂಟ್ರೋಲರನ್ನು ಕರೆಸಬೇಕು. ಅವರು ಬರುವ ತನಕ ಕಾಯಲು ತಯಾರಿದ್ದವರಿಗೆ ಹಾಗೆ ಮಾಡಿಕೊಟ್ಟಿದ್ದೂ ಇದೆ. ಹೆಚ್ಚಿನವರು ಕಾಯುವುದಿಲ್ಲ.

ಗೇಟಿನ ಹಿಂದೆ

ಇದರಲ್ಲಿ ಪುಟ್ಟೀ ಅಮ್ಮನ ಮಾತೇ ನನಗೆ ಸರಿ ಅನ್ನಿಸುತ್ತದೆ. ಯಂತ್ರದ ಒಂದು ಹೆಜ್ಜೆ ತಪ್ಪಿದಾಗ ಅದರ ಭಾರ ಪ್ರಯಾಣಿಕರ ತಲೆಯ ಮೇಲೆ ಬೀಳಬಾರದು. ಕೌಂಟರಿನವರಿಗೆ ಗೇಟಿನ ದಾಖಲೆಯೂ ಅದೇ ಪರದೆಯಲ್ಲಿ ಕಾಣುವ ಹಾಗೆ ಮಾಡಿದರೆ ಜಗಳವೇ ಇರುವುದಿಲ್ಲ. ಕಾರ್ಡ್ "ಹೋದರು" ಅನ್ನುತ್ತದೆ, ಗೇಟಿನ ಲೆಕ್ಕದಲ್ಲಿ ಆ ಹೊತ್ತಿಗೆ ಯಾರೂ ದಾಟಿಲ್ಲ. ಬಿಟ್ಟುಬಿಡಿ, ಅಷ್ಟೇ. ಆ ಮಾಹಿತಿ ಗೇಟಿನಲ್ಲಿ ಇದ್ದೇ ಇದೆ, ಕೌಂಟರಿಗೆ ತಲುಪಿಸಬೇಕು.

ವೆಂಕಟೇಶ ಮಾವ

ಅಯಸ್ಕಾಂತದ ವಿಷಯ ತಿಳಿಯಿತು, ಸಂತೋಷ. ಒಂದು ಪ್ರಶ್ನೆ. ಈ ತಾಪತ್ರಯವೇ ಬೇಡ ಅಂತ ಮಗ ನನಗೆ ಫೋನಿನಲ್ಲಿ ಕ್ಯೂಆರ್ ಟಿಕೆಟ್ ತೆಗೆದುಕೊಡುತ್ತಾನೆ. ಅದರಲ್ಲಿ ಇದೆಲ್ಲ ಬರುವುದಿಲ್ಲವೇನಪ್ಪ?

ಗೇಟಿನ ಹಿಂದೆ

ಕಾರ್ಡ್ ಬೇಗ ತೆಗೆಯುವ ಸಮಸ್ಯೆ ಬರುವುದಿಲ್ಲ ಸರ್, ಯಾಕಂದರೆ ಕ್ಯೂಆರ್ ಚಿತ್ರಕ್ಕೆ ಗೇಟು ಏನನ್ನೂ ಬರೆಯಲು ಆಗುವುದಿಲ್ಲ. ಉಪಯೋಗಿಸಿದ್ದಾರೋ ಇಲ್ಲವೋ ಅನ್ನುವುದನ್ನು ಹಿಂದಿನ ವ್ಯವಸ್ಥೆಯೇ ಇಟ್ಟುಕೊಳ್ಳಬೇಕು. ಆದರೆ ಮುಂದಿನವರು ನಿಮ್ಮ ಬಾಗಿಲಲ್ಲಿ ದಾಟಿದರೆ ಅದರಲ್ಲೂ ಇದೇ ಕಥೆ. ಮತ್ತೆ, ಒಳಗೆ ಬರಲು ತೋರಿಸಿದ ಕ್ಯೂಆರನ್ನೇ ಹೊರಗೆ ಹೋಗುವಾಗಲೂ ತೋರಿಸಬೇಕು. ಫೋನಿನ ಚಾರ್ಜ್ ಮುಗಿದರೆ ಸಿಕ್ಕಿಕೊಳ್ಳುತ್ತೀರಿ.

ಸಂಜೆಪಾಳಿ

ಪಟ್ಟಿ ತೆಗೆದೆ. ಆ ದಿನ ಸಂಜೆ ಒಳಗೆ ಬಂದದ್ದು ಇದೆ. ಹೊರಗೆ ಹೋದದ್ದು ಇಲ್ಲ. ಮರುದಿನ ಬೆಳಿಗ್ಗೆ ಒಳಗೆ ಬಂದ ಸಾಲಿನಲ್ಲಿ ಬ್ಯಾಲೆನ್ಸ್ ಮಾತ್ರ ಆಗಲೇ ಕಡಿಮೆ ಇದೆ. ಮಧ್ಯದ ಕಡಿತ ಎಲ್ಲೂ ನಮೂದಾಗಿಲ್ಲ. ಅಂದರೆ ನೀವು ಹೇಳಿದ ಮೊದಲನೆಯದೇ ಆಗಿದೆ ಅಲ್ವಾ ಸರ್? ಇನ್ನೊಬ್ಬರು ದಾಟಿದ್ದಲ್ಲ.

ಗೇಟಿನ ಹಿಂದೆ

ಹೌದು, ಉತ್ತರ ಕಳೆದುಹೋದದ್ದೇ. ಅಪರೂಪಕ್ಕೆ ಒಂದು ಗೇಟಿನ ಲೆಕ್ಕ ಸರ್ವರಿಗೆ ತಡವಾಗಿ ಹೋಗುತ್ತದೆ, ಹಾಗಾಗಿ ಇನ್ನೊಂದೆರಡು ದಿನ ಬಿಟ್ಟು ಮತ್ತೊಮ್ಮೆ ನೋಡಿ. ಆಗಲೂ ಇಲ್ಲದಿದ್ದರೆ ಅನುಮಾನವೇ ಬೇಡ. ಪ್ರತಿ ವ್ಯವಹಾರಕ್ಕೂ ಕಾರ್ಡಿನಲ್ಲಿ ಒಂದು ಕ್ರಮಸಂಖ್ಯೆ ಏರುತ್ತಾ ಹೋಗುತ್ತದೆ. ನಿಮ್ಮದರಲ್ಲಿ ಸಂಜೆಯದ್ದಕ್ಕೂ ಬೆಳಗಿನದ್ದಕ್ಕೂ ಮಧ್ಯೆ ಒಂದು ಸಂಖ್ಯೆ ಹಾರಿರಬೇಕು. ಕಚೇರಿಯವರು ನೋಡಿದರೆ ಅವರಿಗೂ ಗೊತ್ತಾಗುತ್ತದೆ.

ದೂರು ಕೊಡುವಾಗ ಒಂದು ವಿಷಯ. ಕಾರ್ಡಿನಿಂದ ಹೋದ ದುಡ್ಡು ವಾಪಸ್ ಕೊಡಿ ಅಂತ ಕೇಳಬೇಡಿ. ಅದು ನೀವು ಮಾಡಿದ ಪ್ರಯಾಣದ ದರ, ನ್ಯಾಯವಾಗಿ ಹೋಗಬೇಕಾದದ್ದು. ನಿಮಗೆ ಬರಬೇಕಾದದ್ದು ಟೋಕನ್ನಿನ ದುಡ್ಡು. ಇವೆರಡನ್ನು ಕಲಸಿ ಬರೆದರೆ "ಕಡಿತ ಸರಿಯಾಗಿದೆ" ಅಂತ ಒಂದು ಸಾಲಿನಲ್ಲಿ ಉತ್ತರ ಬಂದುಬಿಡುತ್ತದೆ. ಕಾರ್ಡಿನ ಮೇಲೆ ಅಚ್ಚಾಗಿರುವ ಸಂಖ್ಯೆ, ದಿನ, ಅಂದಾಜು ಸಮಯ, ಯಾವ ಕಡೆಯ ಗೇಟು, ಟೋಕನ್ನಿಗೆ ಕೊಟ್ಟದ್ದಕ್ಕೆ ರಸೀದಿ ಇದ್ದರೆ ಅದು, ಜೊತೆಗೆ ಈ ಪಟ್ಟಿ. ಪಟ್ಟಿಯಲ್ಲಿ ನಿರ್ಗಮನ ಇಲ್ಲ, ಬ್ಯಾಲೆನ್ಸ್ ಕಡಿಮೆ ಆಗಿದೆ ಅನ್ನುವುದನ್ನು ಮೊದಲ ಸಾಲಿನಲ್ಲೇ ಬರೆಯಿರಿ.

ಸಂಜೆಪಾಳಿ

ರಸೀದಿ ಕೊಟ್ಟಿರಲಿಲ್ಲ. ಟೋಕನ್ನನ್ನು ಗೇಟಿನಲ್ಲಿ ಹಾಕಿ ಬಂದೆ.

ಕೌಂಟರಿನಲ್ಲಿದ್ದೆ

ಟೋಕನ್ ಕೊಟ್ಟ ಸಮಯ, ಯಾವ ಕೌಂಟರ್ ಅನ್ನುವುದು ಯಂತ್ರದಲ್ಲಿ ಇದ್ದೇ ಇರುತ್ತದೆ ಮೇಡಂ. ಒಳಗಡೆಯ ಪ್ರಯಾಣಿಕರಿಗೆ ಕೊಟ್ಟ ಟೋಕನ್ನು ಬೇರೆ ಬಗೆಯದಾಗಿ ನಮೂದಾಗುತ್ತದೆ, ದಿನಕ್ಕೆ ಅಂಥವು ತುಂಬಾ ಇರುವುದಿಲ್ಲ. ಸಮಯ ಹತ್ತಿರ ಹತ್ತಿರ ಹೇಳಿದರೂ ಹುಡುಕಬಹುದು. ದುಡ್ಡು ವಾಪಸ್ ಕೊಡುತ್ತಾರಾ ಅಂದರೆ, ನನ್ನ ಕಾಲದಲ್ಲಿ ಕೆಲವರಿಗೆ ಕಾರ್ಡಿಗೇ ಹಾಕಿಕೊಟ್ಟಿದ್ದು ನೋಡಿದ್ದೇನೆ, ಕೆಲವರಿಗೆ ಇಲ್ಲ ಅಂದದ್ದೂ ನೋಡಿದ್ದೇನೆ.

ಸಂಜೆಪಾಳಿ

ಸರಿ, ಇವತ್ತು ರಾತ್ರಿ ಬರೆದು ಕಳಿಸುತ್ತೇನೆ. ಉತ್ತರ ಏನೇ ಬಂದರೂ ಇಲ್ಲಿ ಹಾಕುತ್ತೇನೆ.

ಪುಟ್ಟೀ ಅಮ್ಮ

ನಮ್ಮ ಅತ್ತೆ ಇವತ್ತಿನಿಂದ ಕಾರ್ಡನ್ನು ಪರ್ಸಿನಿಂದ ಹೊರಗೆ ತೆಗೆದಿದ್ದಾರೆ. ಒಂದು ವಾರ ನೋಡಿ ಹೇಳುತ್ತೇನೆ. ಗೇಟಿನ ಹಿಂದೆ ಅವರೇ, ಇನ್ನೊಂದು ಅನುಮಾನ. ಮೆಟ್ರೊ ಕಾರ್ಡನ್ನೇ ಬಿಟ್ಟು ಆ ಬ್ಯಾಂಕ್ ಕಾರ್ಡ್ ಒಂದರಲ್ಲೇ ಓಡಾಡಿದರೆ ಆಗುತ್ತದಾ?

ಗೇಟಿನ ಹಿಂದೆ

ಆಗುತ್ತದೆ ಅಕ್ಕಾ, ಅದರ ಚಿಪ್ಪಿನ ಪರ್ಸಿಗೆ ದುಡ್ಡು ತುಂಬಿಸಿದರೆ. ಆದರೆ ಪಿಂಚಣಿಯ ಎಟಿಎಂ ಕಾರ್ಡನ್ನು ದಿನಾ ಆ ನೂಕಾಟದಲ್ಲಿ ಕೈಯಲ್ಲಿ ಹಿಡಿದು ಓಡಾಡುವುದು ನನಗೆ ಸರಿ ಕಾಣುವುದಿಲ್ಲ. ಕಳೆದರೆ ಚಿಪ್ಪಿನ ಪರ್ಸಿನಲ್ಲಿದ್ದ ದುಡ್ಡೂ ಹೋದ ಹಾಗೆಯೇ. ಗೇಟಿನಲ್ಲಿ ಅದಕ್ಕೆ ಪಿನ್ ಕೇಳುವುದಿಲ್ಲ.